ಟೆಂಪ್ಲೇಟಿನ ಎಲೆ ಕಿತ್ತ ಮೇಲೆ ಕೊಳೆ ಕಂಡಿತು

ಮಳೆಗಾಲಕ್ಕೆ ಮುಂಚೆ ತೀರ್ಥಹಳ್ಳಿ ಕಡೆಯ ಬೆಳೆಗಾರರ ಸಭೆಯಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ಹೇಳಬೇಕಿತ್ತು. ಪವರ್‌ಪಾಯಿಂಟಿನಲ್ಲಿ ಹುಡುಕಿ, ಮೂಲೆ ಮೂಲೆಗೂ ಹಸಿರು ಎಲೆ ಬಳ್ಳಿ ಇರುವ ಟೆಂಪ್ಲೇಟ್ ಆರಿಸಿದೆ. ತೋಟದ ವಿಷಯಕ್ಕೆ ಎಲೆ ಒಪ್ಪುತ್ತದೆ ಎಂಬ ಲೆಕ್ಕ. ಅಲ್ಲೇ ಎಡವಿದ್ದು.

ಕೊಳೆ ಶುರುವಾಗುವಾಗ ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡುಹಸಿರು ಮಚ್ಚೆ ಮೂಡುತ್ತದೆ. ಜನ ನೋಡಬೇಕಾದದ್ದು ಅದನ್ನೇ. ಸುತ್ತ ಅಷ್ಟೊಂದು ಹಸಿರಿದ್ದರೆ ಮಚ್ಚೆ ಅದರಲ್ಲೇ ಕರಗಿಹೋಗುತ್ತದೆ. ಟೆಂಪ್ಲೇಟ್ ವಿಷಯದ ಹೆಸರಿಗಲ್ಲ, ನಾವು ತೋರಿಸುವ ಚಿತ್ರಕ್ಕೆ ಹೊಂದಬೇಕು.

ಆದ್ದರಿಂದ ಮೊದಲು ನಿಮ್ಮ ಅತಿ ಕಷ್ಟದ ಸ್ಲೈಡನ್ನು ತಯಾರಿಸಿಕೊಳ್ಳಿ. ನನ್ನದು ಒಳ್ಳೆಯ ಕಾಯಿ, ಕೊಳೆತ ಕಾಯಿ ಅಕ್ಕಪಕ್ಕ, ಮೇಲೆ ‘ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು?’ ಎಂಬ ಶೀರ್ಷಿಕೆ. ಇದನ್ನು ಎರಡು ಮೂರು ಟೆಂಪ್ಲೇಟಿನಲ್ಲಿ ಹಾಕಿ, ಹತ್ತು ಹೆಜ್ಜೆ ದೂರ ನಿಂತು ನೋಡಿ. ಮಚ್ಚೆ ಕಾಣುವುದನ್ನು ಉಳಿಸಿಕೊಳ್ಳಿ. ನನಗೆ ಸರಿಹೋದದ್ದು ಬಿಳಿ ಹಿನ್ನೆಲೆಯದು. ಅದರಲ್ಲೂ ಎಡಕ್ಕೊಂದು ಬಳ್ಳಿ, ಶೀರ್ಷಿಕೆಯ ಕೆಳಗೊಂದು ಗೆರೆ ಇದ್ದವು.

ಇವನ್ನು ಸ್ಲೈಡಿನ ಮೇಲೆ ಎಷ್ಟು ಕ್ಲಿಕ್ಕಿಸಿದರೂ ಹಿಡಿತಕ್ಕೆ ಸಿಗುವುದಿಲ್ಲ. ಕಡತದ ಒಂದು ಪ್ರತಿ ತೆಗೆದಿಟ್ಟು, View ಒಳಗಿನ Slide Master ತೆರೆಯಿರಿ. ಎಡಗಡೆ ಎಲ್ಲಕ್ಕಿಂತ ಮೇಲಿರುವ ದೊಡ್ಡ ಸ್ಲೈಡೇ ತಾಯಿಬೇರು. ಅಲ್ಲಿ ಬಳ್ಳಿಯನ್ನು ಆರಿಸಿ Delete ಒತ್ತಿದರೆ ಎಲ್ಲ ಕಡೆ ಹೋಗುತ್ತದೆ. ಒಂದೆರಡು ಕಡೆ ಉಳಿದಿದ್ದರೆ, ಅದು ಕೆಳಗಿನ ಆಯಾ ಲೇಔಟಿನಲ್ಲೇ ಕೂತಿದೆ ಎಂದರ್ಥ. ಅಲ್ಲಿಗೇ ಹೋಗಿ ಅಳಿಸಿ. ಇಲ್ಲೂ ಸಿಗದಿದ್ದರೆ ಅದು ಹಿನ್ನೆಲೆಯ ಚಿತ್ರ: ರೈಟ್ ಕ್ಲಿಕ್, Format Background, Solid fill, ಬಿಳಿ. ‘Click to edit’ ಎಂದು ಬರೆದಿರುವ ಚೌಕಗಳು ಅಲಂಕಾರವಲ್ಲ, ಅವನ್ನು ಮುಟ್ಟಬೇಡಿ.

ಶೀರ್ಷಿಕೆಯ ಕೆಳಗಿನ ಗೆರೆಯನ್ನು ನಾನು ಮೊದಲು ಬಿಟ್ಟಿದ್ದೆ, ಚೆಂದವಿತ್ತಲ್ಲ! ಆದರೆ ಅದನ್ನು ಎಳೆದವರು ಇಂಗ್ಲಿಷ್ ಅಕ್ಷರದ ಅಳತೆಗೆ ಎಳೆದಿದ್ದರು. ‘ಬೋರ್ಡೋ ದ್ರಾವಣ’ದ ‘ದ್ರಾ’ ನೋಡಿ, ಅದರ ಒತ್ತು ಕೆಳಗಿಳಿದು ಗೆರೆಗೆ ತಾಗಿ ಬರೀ ‘ದಾವಣ’ದಂತೆ ಕಾಣುತ್ತಿತ್ತು. ಗೆರೆ ಅಳಿಸಿದೆ. ಎರಡು ಸಾಲಿನ ಶೀರ್ಷಿಕೆಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ಬಡಿಯುತ್ತಿತ್ತು. ಮಾಸ್ಟರಿನಲ್ಲೇ ಶೀರ್ಷಿಕೆಯ ಚೌಕ ಆರಿಸಿ, Line Spacing ಅನ್ನು 0.9ರಿಂದ 1.1ಕ್ಕೆ ಏರಿಸಿದ ಮೇಲೆ ಬಿಡಿಸಿಕೊಂಡಿತು.

ಪುಟಸಂಖ್ಯೆ ಮಾತ್ರ ಉಳಿಸಿದೆ. ‘ಆ ಮೂರನೇ ಪುಟ ಇನ್ನೊಂದ್ಸಲ ಹಾಕಿ ಮಾರಾಯ್ರೇ’ ಎಂದು ಹಿಂದಿನ ಸಾಲಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. Close Master View ಒತ್ತಿ ಹೊರಬಂದಾಗ ಬಳ್ಳಿ ಇದ್ದ ಜಾಗ ಖಾಲಿ. ಅಲ್ಲಿಯವರೆಗೂ ಕಾಯಿಯ ಫೋಟೊ ಹಿಗ್ಗಿಸಿದೆ.