ಶುಕ್ರವಾರ ಸಂಜೆ ಕಳಿಸಿದ ಹಣ ಮಂಗಳವಾರ ತಲುಪುವುದೇಕೆ

ಬ್ಯಾಚ್‌ನಲ್ಲಿ ಹೋಗುವ ಹಣವನ್ನು ಬ್ಯಾಂಕಿನ ಕಟ್-ಆಫ್‌ಗೆ, ಅಂದರೆ ಆ ಬ್ಯಾಚ್‌ಗೆ ಸೇರಿಸಿಕೊಳ್ಳುವ ಕೊನೆಯ ಹೊತ್ತಿಗೆ, ಒಂದು ಗಂಟೆ ಮೊದಲೇ ಕಳಿಸಿಬಿಡಿ. ಬ್ಯಾಂಕ್ ಎಲ್ಲರ ವರ್ಗಾವಣೆಗಳನ್ನೂ ಒಂದೇ ಫೈಲಿಗೆ ಸೇರಿಸಿ ನಿಗದಿತ ಹೊತ್ತಿಗೆ, ಬ್ಯಾಂಕುಗಳ ನಡುವಿನ ಲೆಕ್ಕ ತೀರಿಸುವ ಕ್ಲಿಯರಿಂಗ್‌ಗೆ ಕೊಡುತ್ತದೆ. ಫೈಲ್ ಮುಚ್ಚಿದ ಮೇಲೆ ಬಂದದ್ದು ಮುಂದಿನ ಬ್ಯಾಚ್‌ಗೆ ಕಾಯಬೇಕು. ಕಟ್-ಆಫ್ 5 ಗಂಟೆಗಿದ್ದು ನೀವು ಶುಕ್ರವಾರ 5:10ಕ್ಕೆ ಕಳಿಸಿದಿರಿ, ಶನಿವಾರ-ಭಾನುವಾರ ಬ್ಯಾಂಕುಗಳಿಗೆ ಬಿಡುವು, ಸೋಮವಾರ ರಜೆ, ಆ ದಿನಗಳಲ್ಲಿ ಬ್ಯಾಚ್ ಹೋಗುವುದಿಲ್ಲ ಎಂದಿಟ್ಟುಕೊಳ್ಳಿ: ಹಣ ಹೊರಡುವುದೇ ಮಂಗಳವಾರ. ನಿಮ್ಮ ಖಾತೆಯಿಂದ ಮಾತ್ರ ಅಂದೇ ಕಡಿತವಾಗಿರಬಹುದು, ಗಾಬರಿಯಾಗಿ ಎರಡನೇ ಸಲ ಕಳಿಸಬೇಡಿ. ‘ಪೆಂಡಿಂಗ್’ ಎಂದಿದ್ದರೆ ಸಾಮಾನ್ಯವಾಗಿ ಅದು ಸರದಿಯಲ್ಲಿದೆ ಎಂದರ್ಥ. ಬೇರೆ ದೇಶಕ್ಕೆ ಕಳಿಸುವಾಗ ಈ ಲೆಕ್ಕ ಕೈಕೊಡುತ್ತದೆ, ಅಲ್ಲಿನ ರಜಾಪಟ್ಟಿಯನ್ನೂ ನೋಡಲೇಬೇಕು. ಪರಿಶೀಲನೆಗೆಂದು ತಡೆಹಿಡಿದ ಹಣಕ್ಕಂತೂ ಬೇಗ ಕಳಿಸಿಯೂ ಪ್ರಯೋಜನವಿಲ್ಲ.