ಇನ್‌ವಾಯ್ಸ್‌ನಲ್ಲಿ ಯೆನ್ ಬರೆಯುವಾಗ ದಶಾಂಶ ಏಕೆ ಬೇಡ?

ವಿದೇಶಿ ಗ್ರಾಹಕರಿಗೆ ಕಳಿಸುವ ಇನ್‌ವಾಯ್ಸ್‌ನಲ್ಲಿ ¥ ಚಿಹ್ನೆಯೊಂದನ್ನೇ ಹಾಕಿದರೆ ಅದು ಜಪಾನಿನ ಯೆನ್ ಇರಬಹುದು, ಚೀನಾದ ಯುವಾನ್ ಕೂಡ ಇರಬಹುದು. $ ಚಿಹ್ನೆಯನ್ನಂತೂ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮೂರೂ ಬಳಸುತ್ತವೆ. ಆದ್ದರಿಂದ ಮೊತ್ತದ ಪಕ್ಕದಲ್ಲಿ ಐಎಸ್‌ಒ 4217 ಎಂಬ, ಹಣಗಳ ಅಂತರರಾಷ್ಟ್ರೀಯ ಪಟ್ಟಿಯ ಮೂರಕ್ಷರದ ಕೋಡ್ ಇರಲೇಬೇಕು.

ಮೊದಲು ಕೋಡ್ ಓದುವುದನ್ನು ನೋಡೋಣ. ಸಾಮಾನ್ಯವಾಗಿ ಮೊದಲ ಎರಡು ಅಕ್ಷರ ದೇಶದ್ದು, ಮೂರನೆಯದು ಹಣದ ಹೆಸರಿನದು. JPY ಅಂದರೆ JP ಜಪಾನ್, Y ಯೆನ್. CHF ನೋಡಿ ಹಲವರು ಚೀನಾ ಎಂದುಕೊಳ್ಳುತ್ತಾರೆ. ಅದು ಸ್ವಿಸ್ ಫ್ರಾಂಕ್. ಸ್ವಿಟ್ಜರ್ಲೆಂಡಿನ ಲ್ಯಾಟಿನ್ ಹೆಸರಿನಿಂದ CH ಬಂದಿದೆ. X ಅಕ್ಷರದಿಂದ ಶುರುವಾದರೆ ಆ ಹಣ ಒಂದೇ ದೇಶಕ್ಕೆ ಸೇರಿದ್ದಲ್ಲ. ಪಶ್ಚಿಮ ಆಫ್ರಿಕಾದ ಎಂಟು ದೇಶಗಳಲ್ಲಿ ನಡೆಯುವ ಫ್ರಾಂಕ್‌ನ ಕೋಡ್ XOF. ಚಿನ್ನಕ್ಕೂ XAU ಎಂಬ ಕೋಡ್ ಇದೆ.

ಇದೇ ಪಟ್ಟಿಯಲ್ಲಿ ಕೋಡ್‌ನ ಮುಂದೆ ಮೈನರ್ ಯೂನಿಟ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಬಹಳ ಜನ ಇದನ್ನು ಗಮನಿಸುವುದಿಲ್ಲ, ತಪ್ಪುಗಳೆಲ್ಲ ಹುಟ್ಟುವುದೂ ಇಲ್ಲೇ. ದಶಾಂಶ ಚುಕ್ಕೆಯ ನಂತರ ಎಷ್ಟು ಅಂಕಿ ಬರಬೇಕು ಎಂದು ಅದು ಹೇಳುತ್ತದೆ. INR, USD ಮುಂದೆ 2 ಇದೆ, KWD ಅಂದರೆ ಕುವೈತ್ ದಿನಾರ್‌ಗೆ 3, JPYಗೆ 0. ದಿನಾರ್‌ನಲ್ಲಿ ಸಾವಿರ ಫಿಲ್ಸ್ ಇರುವುದರಿಂದ ಮೂರು ಅಂಕಿ ಬೇಕು. ಯೆನ್‌ನ ನೂರನೇ ಒಂದು ಭಾಗಕ್ಕೆ ಸೆನ್ ಎಂಬ ಹೆಸರಿತ್ತು. ಬೆಲೆ ಏರಿ ಅದಕ್ಕೆ ಬೆಲೆಯೇ ಇಲ್ಲದಂತಾಯಿತು. 1953ರ ಕೊನೆಗೆ ಸೆನ್ ನಾಣ್ಯಗಳ ಚಲಾವಣೆ ನಿಂತಿತು. ಹೀಗಾಗಿ ¥4,075.50 ಎಂದು ಬರೆದರೆ ಆ ಅರ್ಧ ಯೆನ್ ಪಾವತಿಸಲು ಗ್ರಾಹಕರಿಗೆ ದಾರಿಯೇ ಇಲ್ಲ. ದಕ್ಷಿಣ ಕೊರಿಯಾದ KRW, ವಿಯೆಟ್ನಾಮಿನ VND ಮುಂದೆಯೂ ಪಟ್ಟಿಯಲ್ಲಿ 0 ಇದೆ.

ಈಗ ಲೆಕ್ಕ ಹಾಕೋಣ. ಜಪಾನಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗಿವೆ, ಪ್ರತಿಯೊಂದಕ್ಕೂ 1,235 ಯೆನ್, ತೆರಿಗೆ ಶೇ 10. ಒಂದು ಸಾಲಿನ ತೆರಿಗೆ 123.5. ಸಾಲು ಸಾಲಿಗೂ ಅರ್ಧ ಯೆನ್ ಬಿಟ್ಟುಬಿಟ್ಟರೆ ತೆರಿಗೆ 369, ಬಿಲ್ 4,074. ಮೂರನ್ನೂ ಕೂಡಿ 3,705ರ ಮೇಲೆ ಒಮ್ಮೆ ತೆರಿಗೆ ಹಾಕಿದರೆ 370.5; ಅರ್ಧ ಬಿಟ್ಟರೆ 370, ಬಿಲ್ 4,075. ಸಾಲುಗಳು ಹೆಚ್ಚಿದಷ್ಟೂ ಈ ಅಂತರ ಬೆಳೆಯಬಹುದು. 2023ರ ಅಕ್ಟೋಬರ್‌ನಲ್ಲಿ ಜಾರಿಯಾದ ಜಪಾನಿನ ಇನ್‌ವಾಯ್ಸ್ ಪದ್ಧತಿಯ ಪ್ರಕಾರ, ಒಂದು ಇನ್‌ವಾಯ್ಸ್‌ನಲ್ಲಿ ಒಂದು ತೆರಿಗೆ ದರಕ್ಕೆ ಒಮ್ಮೆ ಮಾತ್ರ ರೌಂಡ್ ಮಾಡಬೇಕು. ಆದ್ದರಿಂದ 4,075 ಸರಿ. ಅರ್ಧವನ್ನು ಬಿಡುವುದೋ ಏರಿಸುವುದೋ ಮಾರಾಟಗಾರರ ಆಯ್ಕೆ. ಆದರೆ ಪ್ರತಿ ಬಿಲ್‌ಗೂ ಒಂದೇ ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಖಾತೆ ತಾಳೆ ಹಾಕುವಾಗ ಕಷ್ಟ.

ದಶಾಂಶ ಬೇಡ ಎಂಬುದು ಪಾವತಿಸುವ ಮೊತ್ತಕ್ಕೆ ಮಾತ್ರ, ಬಿಡಿ ದರಕ್ಕಲ್ಲ. ಒಂದು ಸ್ಕ್ರೂಗೆ 0.8 ಯೆನ್ ಇದ್ದರೆ 5,000 ಸ್ಕ್ರೂಗೆ 4,000 ಯೆನ್. ದರವನ್ನೇ ಮೊದಲು 1 ಯೆನ್ ಮಾಡಿಬಿಟ್ಟರೆ ಬಿಲ್ 5,000 ಆಗುತ್ತದೆ. ಗುಣಿಸಿ, ಕೂಡಿ, ಕಡೆಯಲ್ಲಷ್ಟೇ ರೌಂಡ್ ಮಾಡಿ.

ಇನ್ನು ಆನ್‌ಲೈನ್ ಪಾವತಿ. ಅನೇಕ ಪೇಮೆಂಟ್ ಗೇಟ್‌ವೇಗಳು ಮೊತ್ತವನ್ನು ದಶಾಂಶವಿಲ್ಲದೆ, ಚಿಲ್ಲರೆಯ ಲೆಕ್ಕದಲ್ಲಿ ಕೇಳುತ್ತವೆ. ಪಟ್ಟಿಯಲ್ಲಿರುವ ಅಂಕಿ n ಎಂದಿಟ್ಟುಕೊಂಡರೆ ಸೂತ್ರ ಇಷ್ಟೇ:

```
minor = amount × 10^n
USD  40.75  →  4075
JPY  4075   →  4075
KWD  12.345 →  12345
```

ಎಲ್ಲದಕ್ಕೂ 100ರಿಂದ ಗುಣಿಸುವ ಅಭ್ಯಾಸವಿದ್ದರೆ 4,075 ಯೆನ್ ಬದಲು 4,07,500 ಯೆನ್ ಕಡಿತವಾಗುತ್ತದೆ. ದಿನಾರ್‌ನಲ್ಲಿ ಉಲ್ಟಾ: 12.345 ದಿನಾರ್ ಮೊದಲು 12.35 ಆಗಿ, 1235 ಎಂದು ಹೋಗಿ, 1.235 ದಿನಾರ್ ಮಾತ್ರ ಬರುತ್ತದೆ. ಮೊತ್ತ ನೂರು ಪಟ್ಟು ಹೆಚ್ಚಿದ್ದರೆ ಅಥವಾ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದಿದ್ದರೆ ಮೊದಲು ಈ ಗುಣಾಕಾರವನ್ನೇ ನೋಡಿ.

ಒಂದು ತೊಡಕು ಉಳಿದಿದೆ. ಹಂಗೆರಿಯ HUF, ಇಂಡೊನೇಷ್ಯಾದ IDR ಎರಡಕ್ಕೂ ದಿನಬಳಕೆಯಲ್ಲಿ ಚಿಲ್ಲರೆ ಇಲ್ಲ, ಆದರೂ ಪಟ್ಟಿಯಲ್ಲಿ 2 ಎಂದೇ ಇದೆ. ಇಂಥ ಹಣಕ್ಕೆ ಎಲ್ಲ ಗೇಟ್‌ವೇಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಪಟ್ಟಿಯ ಜೊತೆಗೆ ನೀವು ಬಳಸುವ ಗೇಟ್‌ವೇಯ ದಾಖಲೆಯನ್ನೂ ಓದಿ, ಪರೀಕ್ಷಾ ಖಾತೆಯಲ್ಲಿ ಒಂದು ಸಣ್ಣ ಮೊತ್ತ ಕಳಿಸಿ, ರಸೀದಿಯಲ್ಲಿ ಚುಕ್ಕೆ ಎಲ್ಲಿ ಬಿದ್ದಿದೆ ಎಂದು ನೋಡಿಕೊಂಡ ಮೇಲೆಯೇ ನಿಜವಾದ ಬಿಲ್ ಕಳಿಸಿ.