ಜಮಖಾನ ಒಣಗಿತಾ? ತೂಗಿ ನೋಡಿ

ನಮ್ಮ ಮನೆಯಲ್ಲಿ ನವಲಗುಂದದ ಜಮಖಾನ ಒಂದಿದೆ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ಕೆಂಪು ನೆಲದ ಮೇಲೆ ಬಿಳಿ, ಕಪ್ಪು, ಹಳದಿ ಪಟ್ಟಿಗಳು. ನೂಲು ದಪ್ಪ, ನೇಯ್ಗೆ ಬಿಗಿ. ಇಂಥದ್ದನ್ನು ವಾಷಿಂಗ್ ಮಷಿನ್‌ಗೆ ಹಾಕೋ ಹಾಗಿಲ್ಲ. ತಾರಸಿಯ ಮೇಲೆ ಕೈಯಲ್ಲೇ ಒಗೆಯುತ್ತೇನೆ, ಅದೂ ಫೆಬ್ರವರಿ, ಮಾರ್ಚ್‌ನಲ್ಲಿ ಮಾತ್ರ. ಹುಬ್ಬಳ್ಳಿಯಲ್ಲಿ ಆಗ ಬಿಸಿಲೂ ಇರುತ್ತದೆ, ಒಣ ಗಾಳಿಯೂ ಇರುತ್ತದೆ.

ನೀರು ಹಾಕುವ ಮೊದಲು ಎರಡು ಕೆಲಸ. ಒಂದು, ತೂಗುವುದು. ಜಮಖಾನ ಹಿಡಿದುಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನನ್ನ ತೂಕ ಕಳೆಯುತ್ತೇನೆ. ಈ ಸಲ 4.2 ಕಿಲೋ ಬಂತು. ಇದನ್ನು ಬರೆದಿಟ್ಟುಕೊಳ್ಳಬೇಕು, ಕೊನೆಗೆ ಬೇಕಾಗುತ್ತದೆ. ಇನ್ನೊಂದು, ಬಣ್ಣದ ಪರೀಕ್ಷೆ. ಬಿಳಿ ಬಟ್ಟೆಯ ತುಂಡನ್ನು ಸೋಪಿನ ನೀರಲ್ಲಿ ಅದ್ದಿ, ಪ್ರತಿ ಬಣ್ಣದ ಮೇಲೂ ಐದು ನಿಮಿಷ ಒತ್ತಿ ಹಿಡಿಯುವುದು. ನಮ್ಮದರಲ್ಲಿ ಕೆಂಪು ಮಾತ್ರ ತಿಳಿ ಗುಲಾಬಿ ಬಿಡುತ್ತದೆ. ಅಷ್ಟಾದರೆ ಮನೆಯಲ್ಲೇ ಒಗೆಯಬಹುದು. ಬಟ್ಟೆ ಪೂರ್ತಿ ಕೆಂಪಾದರೆ ನಾನು ಒಗೆಯಲು ಹೋಗುವುದಿಲ್ಲ, ಧೂಳು ಕೊಡವಿ ಬಿಸಿಲಿಗೆ ಹಾಕಿ ಸುಮ್ಮನಾಗುತ್ತೇನೆ.

ಉಪ್ಪು ಹಾಕಿ, ವಿನೆಗರ್ ಹಾಕಿ ಅನ್ನುವವರು ಜಾಸ್ತಿ. ವಿನೆಗರ್ ಉಪಯೋಗಕ್ಕೆ ಬರುವುದು ಉಣ್ಣೆ, ರೇಷ್ಮೆಯ ಕೆಲವು ಬಣ್ಣಗಳಿಗೆ. ಹತ್ತಿಯ ಬಣ್ಣವನ್ನು ಅದು ಹಿಡಿದಿಡುವುದಿಲ್ಲ. ಉಪ್ಪು ಆ ಹೊತ್ತಿಗೆ ಬಣ್ಣ ಬಿಡುವುದನ್ನು ಸ್ವಲ್ಪ ತಡೆಯಬಹುದು, ಮುಂದಿನ ನೀರಿಗೆ ಮತ್ತೆ ಬಿಡುತ್ತದೆ. ನಿಜವಾಗಿ ನೋಡಿದರೆ ನೀರಿಗೆ ಬಣ್ಣ ಬಿಡುವುದು ದೊಡ್ಡ ತೊಂದರೆಯಲ್ಲ. ಬಿಟ್ಟ ಬಣ್ಣ ಬಿಳಿ ಪಟ್ಟಿಯ ಮೇಲೆ ಕೂತು ಒಣಗಿದರೆ ತೊಂದರೆ. ಹಾಗಾಗಿ ನೆನೆಸಿಡುವುದಿಲ್ಲ, ಒದ್ದೆಯಿದ್ದಾಗ ಮಡಚಿಡುವುದೂ ಇಲ್ಲ.

ಧೂಳು ಬಡಿದು, ತಾರಸಿ ತೊಳೆದು, ಇಳಿಜಾರಿನ ಕಡೆ ಹಾಸುತ್ತೇನೆ. ತಣ್ಣೀರು, ಒಂದು ಬಕೆಟ್‌ಗೆ ಎರಡು ಚಮಚ ಲಿಕ್ವಿಡ್ ಡಿಟರ್ಜೆಂಟ್. ಬಿಸಿನೀರು, ಸೋಡಾ, ಬ್ಲೀಚ್ ಯಾವುದೂ ಬೇಡ. ಮೆತ್ತನೆ ಬ್ರಷ್‌ನಿಂದ ಪಟ್ಟಿ ಹೋದ ದಿಕ್ಕಿನಲ್ಲೇ ಉಜ್ಜಿ, ತಿರುಗಿಸಿ ಇನ್ನೊಂದು ಬದಿ. ಆಮೇಲೆ ಪೈಪ್ ಹಿಡಿದು ನೊರೆ, ಬಣ್ಣ ಎರಡೂ ನಿಲ್ಲುವವರೆಗೆ ನೀರು ಬಿಡುವುದು. ಉಜ್ಜುವುದಕ್ಕಿಂತ ಇದಕ್ಕೇ ಹೊತ್ತು ಹಿಡಿಯುತ್ತದೆ. ಬಿಳಿ ಪಟ್ಟಿಯ ಅಂಚು ಗುಲಾಬಿಯಾಗಿ ಕಂಡರೆ ಒದ್ದೆಯಿರುವಾಗಲೇ ಮತ್ತೆ ಸೋಪು ಹಚ್ಚಿ ತೊಳೆಯಬೇಕು. ಒಣಗಿದ ಮೇಲೆ ಆ ಗುಲಾಬಿ ಸುಲಭಕ್ಕೆ ಹೋಗುವುದಿಲ್ಲ.

ಹಿಂಡಲು ಆಗುವುದಿಲ್ಲ, ಅಷ್ಟು ಭಾರ. ನೀರು ಇಳಿದ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಅದರ ಮೇಲೆ ಜಮಖಾನ ಹರವಿ, ಎರಡನ್ನೂ ಸೇರಿಸಿ ಸುತ್ತುತ್ತೇನೆ. ಸುತ್ತಿನ ನಡುವೆ ಬೆಡ್‌ಶೀಟ್ ಇರುವುದರಿಂದ ಕೆಂಪು ಬಿಳಿಗೆ ತಾಗುವುದಿಲ್ಲ. ಅದರ ಮೇಲೆ ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ನಡೆದು, ತಕ್ಷಣ ಬಿಚ್ಚುವುದು. ಇನ್ನೊಂದು ಒಣ ಬೆಡ್‌ಶೀಟ್‌ನಲ್ಲಿ ಮತ್ತೊಮ್ಮೆ. ನೀರಿಳಿದಾಗ ಹತ್ತು ಕಿಲೋ ದಾಟಿದ್ದ ಜಮಖಾನ ಇಷ್ಟಕ್ಕೇ 7 ಕಿಲೋಗೆ ಬಂತು.

ತಂತಿಗೆ ನೇತುಹಾಕಿದರೆ ನೀರೆಲ್ಲ ಕೆಳಗಿಳಿದು ಬಣ್ಣವನ್ನೂ ಜೊತೆಗೆ ಒಯ್ಯುತ್ತದೆ, ಕೆಳಗಿನ ಕುಚ್ಚು ಗುಲಾಬಿಯಾಗುತ್ತದೆ. ತಂತಿಯ ಗೆರೆಯೂ ಬೀಳುತ್ತದೆ. ನಾನು ನವಾರದ ಮಂಚದ ಮೇಲೆ ಹರವುತ್ತೇನೆ, ಅಡಿಯಿಂದಲೂ ಗಾಳಿ ಆಡಬೇಕಲ್ವಾ? ಗಂಟೆಗೊಮ್ಮೆ ತಿರುವಿ ಹಾಕುವುದು. ಇದಕ್ಕೆ ಎರಡು ಬದಿಯೂ ಒಂದೇ ಥರ, ಹಾಗಾಗಿ ಒಂದೇ ಬದಿ ಬಿಸಿಲಿಗೆ ಬಿಟ್ಟರೆ ಅದಷ್ಟೇ ಮಾಸುತ್ತದೆ.

ಸಂಜೆ ಮುಟ್ಟಿದರೆ ಗರಿಗರಿಯಾಗಿತ್ತು. ತೂಗಿದರೆ 4.6. ಅಂದರೆ ಒಳಗೆ ಇನ್ನೂ ಹೆಚ್ಚುಕಮ್ಮಿ ಅರ್ಧ ಲೀಟರ್ ನೀರು! ದಪ್ಪ ನೂಲಿನ ಒಳಭಾಗ, ಎರಡು ಅಂಚು, ಕುಚ್ಚಿನ ಗಂಟುಗಳು ಕೊನೆಗೆ ಒಣಗುತ್ತವೆ. ಅಲ್ಲಿ ಕೆನ್ನೆ ತಾಗಿಸಿದರೆ ತಣ್ಣಗಿರುತ್ತದೆ. ಈ ಹಂತದಲ್ಲಿ ಮಡಚಿಟ್ಟರೆ ಒಂದೆರಡು ದಿನಕ್ಕೇ ಮುಗ್ಗಲು ವಾಸನೆ, ಆಮೇಲೆ ಕಪ್ಪು ಚುಕ್ಕಿಯ ಬೂಷ್ಟು. ರಾತ್ರಿ ಇಬ್ಬನಿ ಬೀಳುತ್ತದೆಂದು ಒಳಗೆ ತಂದು ನಾಲ್ಕು ಕುರ್ಚಿಗಳ ಬೆನ್ನಿನ ಮೇಲೆ ಹರವಿ ಫ್ಯಾನ್ ಹಾಕಿದೆ. ಮರುದಿನ ಮತ್ತೆ ಬಿಸಿಲಿಗೆ. ಮಧ್ಯಾಹ್ನ 4.1, ಮೂರು ಗಂಟೆ ಬಿಟ್ಟು ನೋಡಿದರೂ 4.1. ಮೊದಲಿಗಿಂತ ಕಡಿಮೆ ಬಂದಿದ್ದು ಧೂಳು ಹೋಗಿದ್ದಕ್ಕೆ. ಹತ್ತಿ ಗಾಳಿಯ ತೇವವನ್ನೂ ಸ್ವಲ್ಪ ಹೀರುವುದರಿಂದ ಹಳೇ ಅಂಕಿಗೇ ಸರಿಯಾಗಿ ಬರಬೇಕೆಂದಿಲ್ಲ, ತೂಕ ಇಳಿಯುವುದು ನಿಂತರೆ ಸಾಕು. ಆಮೇಲೂ ಎರಡು ದಿನ ನೆಲದ ಮೇಲೆ ಹಾಸಿಯೇ ಇಟ್ಟೆ, ಮಡಚಲಿಲ್ಲ.

ಮಂಗಳೂರಿನಲ್ಲಿರುವ ತಂಗಿ ಮನೆಯಲ್ಲೂ ಇಂಥದ್ದೇ ಒಂದಿದೆ. ಅಲ್ಲಿ ಮಳೆಗಾಲದಲ್ಲಿ ಈ ಸಾಹಸ ಬೇಡವೇ ಬೇಡ ಅಂದಿದ್ದೇನೆ. ಏನಾದರೂ ಚೆಲ್ಲಿದರೆ ಅಷ್ಟು ಜಾಗ ಒರೆಸಿ ಫ್ಯಾನ್ ಕೆಳಗೆ ಒಣಗಿಸಿಕೊಂಡು, ಒಗೆಯುವುದನ್ನು ಜನವರಿಗೆ ಇಟ್ಟುಕೊಳ್ಳಲಿ.